ಬಚ್ಚಲುಮನೆಯ ನವೀಕರಣ: ರಿಪೇರಿಗೆ ಕೈ ಹೋಗುವಂತೆ ನಕ್ಷೆ ಹಾಕುವುದು

(ಕೊಪ್ಪಳದಲ್ಲಿ ಮನೆ ಕಟ್ಟಿಸುವವರು, ಗೌಂಡಿಗಳು ಮತ್ತು ಪ್ಲಂಬರ್‌ಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹಳೆಯ ಬಚ್ಚಲುಮನೆಯನ್ನು ಒಡೆದು ಹೊಸದು ಮಾಡಿಸುವಾಗ ಮೊದಲ ಮಾತು ಟೈಲ್ಸ್‌ನಿಂದ ಶುರುವಾಗುತ್ತದೆ. ಬಣ್ಣ ಯಾವುದು, ಕಮೋಡ್ ಯಾವ ಕಂಪನಿಯದು, ಷವರ್ ಎಷ್ಟು ದೊಡ್ಡದು ಎಂಬುದೆಲ್ಲ ತೀರ್ಮಾನವಾದ ಮೇಲೆ, ಪೈಪು ಎಲ್ಲಿ ಹೋಗಬೇಕೆಂಬುದನ್ನು ಪ್ಲಂಬರ್ ಬಂದ ದಿನ ಗೋಡೆಯ ಮುಂದೆ ನಿಂತು ನಿರ್ಧರಿಸಲಾಗುತ್ತದೆ. ನಾನು ಇಂದು ಈ ಕ್ರಮವನ್ನು ತಿರುಗಿಸಿ ಹೇಳಲು ಬಂದಿದ್ದೇನೆ. ಇನ್ನು ಕೆಲವು ವರ್ಷಗಳಲ್ಲಿ ಯಾವ ಭಾಗ ಕೆಡುತ್ತದೆ, ಅದನ್ನು ಬಿಚ್ಚಲು ಕೈ ಎಲ್ಲಿಂದ ಹೋಗುತ್ತದೆ ಎಂಬುದನ್ನು ಮೊದಲು ಗುರುತಿಸಿ, ಆಮೇಲೆ ಕಮೋಡ್, ಬೇಸಿನ್, ಸ್ನಾನದ ಜಾಗಗಳನ್ನು ಕೂರಿಸಬೇಕು. ಟೈಲ್ಸ್ ಆಯ್ಕೆ ಕೊನೆಗೆ ಬರಬೇಕು.

ನಮ್ಮ ಭಾಗದಲ್ಲಿ ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅನೇಕ ಮನೆಗಳಲ್ಲಿ ನಗರಸಭೆಯ ನಳದ ನೀರಿನ ಜೊತೆಗೆ ಬೋರ್ ನೀರೂ ಅದೇ ಟ್ಯಾಂಕಿಗೆ ಸೇರುತ್ತದೆ, ಮತ್ತು ಬೋರ್ ನೀರು ಗಡಸು. ನಳದ ಬಾಯಿಯ ಜಾಲರಿಯಲ್ಲಿ, ಗೀಸರ್‌ನ ಕಾಯಿಲ್ ಮೇಲೆ ಕಟ್ಟುವ ಬಿಳಿ ಸುಣ್ಣವೇ ಕಣ್ಣಿಗೆ ಕಾಣದ ಜಾಗದಲ್ಲಿಯೂ, ಅಂದರೆ ಮಿಕ್ಸರ್‌ನ ಕಾರ್ಟ್ರಿಜ್‌ನಲ್ಲಿ, ಫ್ಲಶ್ ಟ್ಯಾಂಕಿನ ವಾಲ್ವಿನಲ್ಲಿ, ಆ್ಯಂಗಲ್ ವಾಲ್ವಿನ ಒಳಗೆ ಕಟ್ಟುತ್ತಿರುತ್ತದೆ. ಇಂಥ ನೀರಿನಲ್ಲಿ ಚಲಿಸುವ ಭಾಗಗಳು ಬೇಗ ಬಿಗಿಯುತ್ತವೆ ಅಥವಾ ಸೋರುತ್ತವೆ. ಪೈಪು ಹಾಗಲ್ಲ. ಸರಿಯಾಗಿ ಅಂಟಿಸಿ, ಒತ್ತಡ ಹಾಕಿ ಪರೀಕ್ಷಿಸಿದ ಸಿಪಿವಿಸಿ ಪೈಪು ಗೋಡೆಯೊಳಗೆ ಬಹುಕಾಲ ಸುಮ್ಮನೆ ಇರುತ್ತದೆ. ಆದ್ದರಿಂದ ನಾನು ಪಾಲಿಸುವ ನಿಯಮ ಇಷ್ಟೇ: ಅಂಟಿಸಿದ ಪೈಪನ್ನು ಮುಚ್ಚಬಹುದು, ತಿರುಗುವುದು, ರಬ್ಬರ್ ವಾಷರ್ ಇರುವುದು, ಕಸ ನಿಲ್ಲುವುದು ಯಾವುದನ್ನೂ ಟೈಲ್ಸ್ ಹಿಂದೆ ಮುಚ್ಚಬಾರದು.

ಇದನ್ನು ಕೊಪ್ಪಳದ ಒಂದು ಹಳೆಯ ಮನೆಯ ಕೆಲಸದ ಮೂಲಕ ವಿವರಿಸುತ್ತೇನೆ. ನೆಲಮಹಡಿಯ ಕಲ್ಲಿನ ಮನೆ, ಗೋಡೆಯ ದಪ್ಪ 18 ಇಂಚು. ಬಚ್ಚಲಿನಲ್ಲಿ ಕೂತು ಬಳಸುವ ಹಳೆಯ ಪ್ಯಾನ್ ಇತ್ತು. ಮನೆಯ ಹಿರಿಯರಿಗೆ ಮೊಣಕಾಲು ನೋವು ಬಂದು ಕೂರಲಾಗದ ಕಾರಣ ಅದನ್ನು ತೆಗೆದು ಕಮೋಡ್ ಹಾಕಿಸಬೇಕಿತ್ತು. ಜೊತೆಗೆ ಒಂದು ಬೇಸಿನ್ ಬೇಕಿತ್ತು, ಬಕೆಟ್ಟು ಇಟ್ಟು ಮಣೆಯ ಮೇಲೆ ಕೂತು ಸ್ನಾನ ಮಾಡುವಷ್ಟು ಜಾಗವೂ ಬೇಕಿತ್ತು. ಬಲಗಡೆಯ ಉದ್ದ ಗೋಡೆಯ ಆಚೆ ಮೂರು ಅಡಿ ಅಗಲದ ಸಂದಿ, ಅದರಲ್ಲಿ ಕೊಳಚೆ ಸೇರುವ ಚೇಂಬರ್. ಬಾಗಿಲು ಗಿಡ್ಡ ಗೋಡೆಯಲ್ಲಿ, ಎಡ ಮೂಲೆಯಿಂದ 4 ಇಂಚು ಬಿಟ್ಟು, 30 ಇಂಚು ಅಗಲ.

ಮೊದಲ ಕೆಲಸ ಅಳತೆ. ಕಲ್ಲಿನಿಂದ ಕಲ್ಲಿಗೆ 62 ಇಂಚು ಅಗಲ, 90 ಇಂಚು ಉದ್ದ ಇತ್ತು. ಆದರೆ ನಕ್ಷೆ ಹಾಕುವುದು ಈ ಅಳತೆಯ ಮೇಲಲ್ಲ. ಪ್ಲಾಸ್ಟರ್, ಅದರ ಮೇಲಿನ ಅಂಟು, ಟೈಲ್ಸ್ ಎಲ್ಲ ಸೇರಿ ಪ್ರತಿ ಗೋಡೆಯೂ ಸುಮಾರು ಒಂದು ಇಂಚು ಒಳಗೆ ಬರುತ್ತದೆ. ಹಾಗಾಗಿ ಕೈಗೆ ಸಿಗುವ ಜಾಗ 60 ಇಂಚು ಅಗಲ, 88 ಇಂಚು ಉದ್ದ. ಇದು ಸುಮಾರು 3.4 ಚದರ ಮೀಟರ್ ಆಗುತ್ತದೆ. ಸ್ನಾನ ಮತ್ತು ಶೌಚ ಒಂದೇ ಕೋಣೆಯಲ್ಲಿದ್ದರೆ ಕನಿಷ್ಠ 2.8 ಚದರ ಮೀಟರ್ ಇರಬೇಕು, ಅಗಲ 1.2 ಮೀಟರ್‌ಗಿಂತ ಕಡಿಮೆ ಇರಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಕಮೋಡಿನ ರಂಧ್ರದ ದೂರವನ್ನು ಕಲ್ಲಿನಿಂದ ಅಳೆದು ಗುರುತು ಮಾಡಿದರೆ, ಟೈಲ್ಸ್ ಆದ ಮೇಲೆ ಟ್ಯಾಂಕು ಗೋಡೆಗೆ ತಾಗಿ ಕಮೋಡು ಕೂರುವುದೇ ಇಲ್ಲ. ಕೆಲಸ ನಿಂತುಹೋದ ಎಷ್ಟೋ ಮನೆಗಳಲ್ಲಿ ಗೋಜಲಾದದ್ದು ಈ ಒಂದು ಇಂಚು. ಅದಕ್ಕೆ ಗೋಡೆಯ ಮೇಲೆ ಟೈಲ್ಸ್ ಮುಗಿಯುವ ರೇಖೆಯನ್ನು ದಾರ ಕಟ್ಟಿ ತೋರಿಸಿ, ಎಲ್ಲರೂ ಆ ದಾರದಿಂದಲೇ ಅಳೆಯಬೇಕೆಂದು ಮೊದಲ ದಿನವೇ ಹೇಳಿಬಿಡಬೇಕು.

ಎರಡನೆಯ ಪ್ರಶ್ನೆ, ನೀರಿನ ಪೈಪುಗಳನ್ನು ಎಲ್ಲಿ ಒಯ್ಯುವುದು. ಇಟ್ಟಿಗೆ ಗೋಡೆಯಾಗಿದ್ದರೆ ಕಟರ್ ಹಿಡಿದು ಪೈಪಿಗೆ ಕಾಲುವೆ ಕೊರೆಯಬಹುದಿತ್ತು. ಅಲ್ಲಿಯ ಗೌಂಡಿ ಗೋಡೆಯನ್ನು ತಟ್ಟಿ ನೋಡಿ, "ಸರ, ಈ ಗ್ವಾಡಿಗೆ ಮಿಷನ್ ಹಚ್ಚಿದ್ರ ಕಲ್ಲು ಸಡ್ಲಾಗ್ತಾವ್ರಿ" ಎಂದರು, ಮತ್ತು ಅವರು ಹೇಳಿದ್ದು ಸರಿ. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಯನ್ನು ಉದ್ದಕ್ಕೂ ಕೊರೆಯಬಾರದು. ಆದ್ದರಿಂದ ಬಲಗೋಡೆಯ ಮುಂದೆ 42 ಇಂಚು ಎತ್ತರದ ಒಂದು ಕಿರುಗೋಡೆ ಕಟ್ಟಿಸಿದೆವು. ಇಟ್ಟಿಗೆಯನ್ನು ಪಕ್ಕೆಯ ಮೇಲೆ ನಿಲ್ಲಿಸಿ ಕಟ್ಟಿದ 3 ಇಂಚಿನ ಗೋಡೆ, ಅದರ ಎರಡೂ ತುದಿಗಳನ್ನು ಗಿಡ್ಡ ಗೋಡೆಗಳಿಗೆ ಬೆಸೆಯಲಾಗಿದೆ. ಹಿಂದೆ 4 ಇಂಚಿನ ಟೊಳ್ಳು, ಮುಂದೆ ಟೈಲ್ಸ್‌ನ 1 ಇಂಚು, ಒಟ್ಟು 8 ಇಂಚು. ಈ ಟೊಳ್ಳಿನ ಮೇಲೆ ಗ್ರಾನೈಟ್ ಹಲಗೆ ಹಾಸಿದರೆ ಸೋಪು, ಚೊಂಬು ಇಡಲು ಕಟ್ಟೆಯೂ ಆಗುತ್ತದೆ, ಪೈಪಿಗೆ ಮುಚ್ಚಳವೂ ಆಗುತ್ತದೆ.

ಈ ಮುಚ್ಚಳವೇ ಈ ನಕ್ಷೆಯ ಜೀವ, ಆದ್ದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. 88 ಇಂಚಿನ ಒಂದೇ ಹಲಗೆ ಹಾಕಿ ಸಿಮೆಂಟಿನಿಂದ ಕೂರಿಸಿದರೆ ಅದು ಮುಚ್ಚಳವಲ್ಲ, ಗೋಡೆಯೇ. ಅದನ್ನು ಸುಮಾರು 29 ಇಂಚಿನ ಮೂರು ತುಂಡುಗಳಾಗಿ ಕತ್ತರಿಸಿದೆವು. 18 ಮಿಲಿಮೀಟರ್ ದಪ್ಪದ ಇಂಥ ಒಂದು ತುಂಡು ಸುಮಾರು ಏಳೂವರೆ ಕಿಲೋ ತೂಗುತ್ತದೆ, ಒಬ್ಬರೇ ಎತ್ತಬಹುದು. ತುಂಡುಗಳ ಕೆಳಗೆ ಸಿಮೆಂಟ್ ಹಾಕದೆ, ಸುತ್ತಲೂ ಸಿಲಿಕಾನ್ ಮಾತ್ರ ಎಳೆಯಬೇಕು. ರಿಪೇರಿ ಬಂದಾಗ ಬ್ಲೇಡಿನಿಂದ ಸಿಲಿಕಾನ್ ಕೊಯ್ದು ಹಲಗೆ ಎತ್ತುವುದು, ಕೆಲಸ ಮುಗಿದ ಮೇಲೆ ಹಳೆಯದನ್ನು ಕೆರೆದು ಹೊಸದಾಗಿ ಎಳೆಯುವುದು. ಹಲಗೆಯ ಮುಂಭಾಗ ಅರ್ಧ ಇಂಚು ಹೊರಗೆ ಚಾಚಿ, ಸ್ವಲ್ಪ ಮುಂದಕ್ಕೆ ಇಳಿಜಾರಾಗಿದ್ದರೆ ಸ್ನಾನದ ನೀರು ಒಳಗೆ ಇಳಿಯುವುದಿಲ್ಲ.

ಆದರೆ ಮುಚ್ಚಳ ತೆರೆದರೆ ಸಾಲದು, ತೆರೆದ ಮೇಲೆ ಕೈ ಎಲ್ಲಿಯವರೆಗೆ ಹೋಗುತ್ತದೆ ಎಂದು ನೋಡಬೇಕು. 4 ಇಂಚಿನ ಟೊಳ್ಳಿನಲ್ಲಿ ಪಾನಾ ಹಿಡಿದ ಕೈ ಒಂದು ಅಡಿಯ ಆಳದವರೆಗೆ ಆರಾಮವಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಕೆಳಗೆ ತಡಕಾಡಬೇಕಾಗುತ್ತದೆ. ಹಾಗಾಗಿ ಬಿಸಿನೀರು, ತಣ್ಣೀರಿನ ಎರಡು ಪೈಪುಗಳನ್ನೂ ನೆಲದಿಂದ 36 ಇಂಚು ಎತ್ತರದಲ್ಲಿ, ಅಂದರೆ ಹಲಗೆಯಿಂದ ಅರ್ಧ ಅಡಿ ಕೆಳಗೆ, ಅಡ್ಡಲಾಗಿ ಒಯ್ದೆವು. ಪೈಪು ಕವಲೊಡೆಯುವ ಎಲ್ಲ ಟೀ ಜೋಡಣೆ, ಎಲ್ಲ ಬಾಲ್ ವಾಲ್ವ್ ಆ ಎತ್ತರದಲ್ಲಿಯೇ ಬರುವಂತೆ ನೋಡಿಕೊಂಡೆವು. ಅಲ್ಲಿಂದ ಕೆಳಗೆ ಕಮೋಡಿನ ಆ್ಯಂಗಲ್ ವಾಲ್ವಿಗೆ ಇಳಿಯುವ ಪೈಪು ನಡುವೆ ಜೋಡಣೆ ಇಲ್ಲದ ಒಂದೇ ತುಂಡು. ಕೈಗೆ ನಿಲುಕದೆ ಉಳಿದದ್ದು ಅದರ ಕೊನೆಯ, ಹಿತ್ತಾಳೆಯ ತಿರುಪುಗೆರೆ ಇರುವ ಎಲ್ಬೋ ಮಾತ್ರ, ಅದಕ್ಕೆ ನೇರ ಎದುರಿನ ಟೈಲ್ಸ್ ಒಡೆದರೆ ಅದೂ ಸಿಗುತ್ತದೆ. ಅಂಥ ದಿನಕ್ಕೆಂದು ಅದೇ ಪೆಟ್ಟಿಗೆಯ ಐದಾರು ಟೈಲ್ಸ್ ಎತ್ತಿಡಬೇಕು. ಆಮೇಲೆ ಅದೇ ಬಣ್ಣ ಸಿಗುವುದು ಕಷ್ಟ. ಬಾಗಿಲ ಪಕ್ಕದ ಮೊದಲ ಹಲಗೆಯ ಕೆಳಗೆ ಬಿಸಿನೀರಿಗೊಂದು, ತಣ್ಣೀರಿಗೊಂದು ಬಾಲ್ ವಾಲ್ವ್ ಇಟ್ಟೆವು. ಗೇಟ್ ವಾಲ್ವ್ ಬೇಡ. ಗಡಸು ನೀರಿನಲ್ಲಿ ಅದರ ನಾಲಿಗೆ ಅರ್ಧದಲ್ಲಿ ಸಿಕ್ಕಿಕೊಂಡು, ಮುಚ್ಚಿದರೂ ನೀರು ಹರಿಯುತ್ತಲೇ ಇರುತ್ತದೆ.

ಇನ್ನು ಜೋಡಣೆಯ ಮಾತು. ಕಿರುಗೋಡೆ ಬಂದ ಮೇಲೆ ಅಗಲ 60ರಿಂದ 52 ಇಂಚಿಗೆ ಇಳಿಯಿತು. ಕಮೋಡು ಟ್ಯಾಂಕಿನ ಹಿಂಬದಿಯಿಂದ ಮೂತಿಯವರೆಗೆ 27 ಇಂಚು. ಮುಂದೆ ಉಳಿಯುವುದು 25 ಇಂಚು. ಕಮೋಡಿನ ಮುಂದೆ 21 ಇಂಚಿಗಿಂತ ಕಡಿಮೆ ಇದ್ದರೆ ಎದ್ದು ನಿಲ್ಲುವಾಗ ಮೊಣಕಾಲು, ತಲೆ ಗೋಡೆಗೆ ತಾಗುತ್ತವೆ, 24 ಇದ್ದರೆ ಒಳ್ಳೆಯದು. ಎದುರಿನ ಎಡಗೋಡೆಗೆ ಹಿರಿಯರು ಹಿಡಿದು ಏಳಲು ಕಂಬಿ ಹಾಕಿಸಿದೆವು. ಅದು 3 ಇಂಚು ಚಾಚಿದರೂ 22 ಇಂಚು ಉಳಿಯುತ್ತದೆ, ಮತ್ತು ಕಲ್ಲಿನ ಗೋಡೆಯಾದ್ದರಿಂದ ಮೈಭಾರವನ್ನು ತಡೆಯುತ್ತದೆ. ತೆಳುವಾದ ಕಿರುಗೋಡೆಗೆ ಇಂಥ ಕಂಬಿಯನ್ನು ಎಂದೂ ಹಾಕಬಾರದು. ಬೇಸಿನ್ನಿಗೂ ಕಾಲುಕಂಬ ಇರುವುದನ್ನೇ ತೆಗೆದುಕೊಂಡು ಭಾರವನ್ನು ನೆಲಕ್ಕೆ ಬಿಟ್ಟೆವು.

ಬದಿಯ ಅಳತೆಯಲ್ಲಿ ಮನೆಯವರ ಮೊದಲ ಆಸೆ ಬೇರೆಯಿತ್ತು. ಬಾಗಿಲ ಪಕ್ಕದಲ್ಲಿಯೇ ಕಮೋಡು ಇದ್ದರೆ ಹಿರಿಯರಿಗೆ ಹತ್ತಿರವಾಗುತ್ತದೆ ಎಂದು ಅವರು ಹೇಳಿದರು. ಅದು ಸಮಂಜಸವೂ ಆಗಿತ್ತು. ಆದರೆ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ನೋಡಿದಾಗ ತೊಂದರೆ ಕಂಡಿತು. ಕಿರುಗೋಡೆಯ 8 ಇಂಚು, ಕಮೋಡಿನ 27 ಇಂಚು ಸೇರಿ ಅದರ ಮೂತಿ ಬಲಗೋಡೆಯಿಂದ 35 ಇಂಚಿಗೆ, ಅಂದರೆ ಎಡಗೋಡೆಯಿಂದ 25 ಇಂಚಿಗೆ ಬರುತ್ತದೆ. ಬಾಗಿಲ ದಾರಿ ಎಡಗೋಡೆಯಿಂದ 34 ಇಂಚಿನವರೆಗೆ ಇದೆ. ಒಳಗೆ ಕಾಲಿಡುವವರ ದಾರಿಗೆ ಕಮೋಡು 9 ಇಂಚು ಅಡ್ಡ ಬರುತ್ತಿತ್ತು. ಅದೇ ಜಾಗದಲ್ಲಿ 16 ಇಂಚು ಚಾಚುವ ಬೇಸಿನ್ ಇಟ್ಟರೆ ಅದರ ಅಂಚು ಎಡಗೋಡೆಯಿಂದ 36 ಇಂಚಿನಲ್ಲಿಯೇ ನಿಲ್ಲುತ್ತದೆ, ದಾರಿ ಪೂರ್ತಿ ತೆರೆದಿರುತ್ತದೆ. ಹೀಗಾಗಿ ಬಾಗಿಲ ಪಕ್ಕ ಬೇಸಿನ್, ನಡುವೆ ಕಮೋಡು, ಕಿಟಕಿ ಇರುವ ಕೊನೆಯಲ್ಲಿ ಸ್ನಾನ ಎಂದು ತೀರ್ಮಾನವಾಯಿತು.

ಉದ್ದದ ಲೆಕ್ಕ ಹೀಗೆ ಕೂತಿತು. 18 ಇಂಚು ಅಗಲದ ಬೇಸಿನ್ನಿನ ನಡುಗೆರೆ ಬಾಗಿಲ ಗೋಡೆಯಿಂದ 15 ಇಂಚು, ಅದರ ಆಚೆಯ ಅಂಚು 24 ಇಂಚಿಗೆ. ಕಮೋಡಿನ ನಡುಗೆರೆ 42 ಇಂಚಿಗೆ. ಕಮೋಡಿನ ನಡುಗೆರೆಯಿಂದ ಎರಡೂ ಬದಿಗೆ ಕನಿಷ್ಠ 15 ಇಂಚು ಖಾಲಿ ಇರಬೇಕು. ಇಲ್ಲಿ ಬೇಸಿನ್ನಿನ ಕಡೆ 18 ಇಂಚು ಸಿಕ್ಕಿತು, ಆ ಬದಿಯಲ್ಲಿ ಕೈಯೂರಿ ಏಳುವವರಿಗೆ ಅದು ಬೇಕು. ಇನ್ನೊಂದು ಬದಿಯ 15 ಇಂಚು 57ಕ್ಕೆ ಮುಗಿದು, ಸ್ನಾನಕ್ಕೆ 31 ಇಂಚು ಉದ್ದ, 52 ಇಂಚು ಅಗಲ ಉಳಿಯಿತು. ನಿಂತು ಷವರಿನಲ್ಲಿ ಸ್ನಾನ ಮಾಡುವವರಿಗೆ ಇದು ಸಾಕು. ಬಕೆಟ್ಟು, ಮಣೆ ಇಟ್ಟುಕೊಳ್ಳುವವರಿಗೆ 31 ಇಂಚು ಇಕ್ಕಟ್ಟೇ, ಆದರೆ ಅವರು ಅಗಲದ ಕಡೆಗೆ ಮುಖ ಮಾಡಿ ಕೂತರೆ ಮುಂದೆ ಬಕೆಟ್ಟಿಗೆ ಜಾಗವಿದೆ. ಅದಕ್ಕಾಗಿಯೇ ನಡುವೆ ಗಾಜಿನ ತಡೆ ಹಾಕಿಸಬೇಡಿರೆಂದು ಹೇಳಿದೆ. ಬಾಗಿಲನ್ನು ಹೊರಗೆ ತೆರೆಯುವಂತೆ ತಿರುಗಿಸಿದೆವು. ವಯಸ್ಸಾದವರು ಒಳಗೆ ಜಾರಿ ಬಾಗಿಲಿಗೆ ಒರಗಿ ಬಿದ್ದರೆ ಒಳಗೆ ತೆರೆಯುವ ಬಾಗಿಲನ್ನು ಹೊರಗಿನವರು ತೆಗೆಯಲಾಗುವುದಿಲ್ಲ.

ಕಮೋಡನ್ನು ಬಲಗೋಡೆಗೇ ಏಕೆ ಇಟ್ಟೆವು ಎಂಬುದು ಕೊಳಚೆ ಪೈಪಿನ ಪ್ರಶ್ನೆ. 4 ಇಂಚಿನ ಪೈಪಿಗೆ 40 ಇಂಚಿಗೆ 1 ಇಂಚಿನಂತೆ ಇಳಿಜಾರು ಕೊಡುವುದು ನಮ್ಮ ವಾಡಿಕೆ. ಬಲಗೋಡೆಯಲ್ಲಿ, ಹಿಂದಕ್ಕೆ ಬಾಯಿ ಇರುವ ಪಿ-ಟ್ರ್ಯಾಪ್ ಕಮೋಡು ಇಟ್ಟರೆ, ಸಿದ್ಧ ನೆಲದಿಂದ ಸುಮಾರು 7 ಇಂಚು ಎತ್ತರದಲ್ಲಿ ಪೈಪು ಕಿರುಗೋಡೆ ಮತ್ತು ಕಲ್ಲುಗೋಡೆಯನ್ನು ನೇರವಾಗಿ ದಾಟಿ ಸಂದಿಗೆ ಹೋಗುತ್ತದೆ. ದೂರ 30 ಇಂಚಿನಷ್ಟು, ಇಳಿಯಬೇಕಾದದ್ದು ಮುಕ್ಕಾಲು ಇಂಚು. ನೆಲವನ್ನು ಮುಟ್ಟುವ ಅಗತ್ಯವೇ ಇಲ್ಲ. ಎಡಗೋಡೆಗೆ ಇಟ್ಟಿದ್ದರೆ ಪೈಪು ಇಡೀ ಕೋಣೆಯ ನೆಲದಡಿ ಹಾದು, 2 ಇಂಚಿಗೂ ಹೆಚ್ಚು ಇಳಿದು ಗೋಡೆ ದಾಟಬೇಕಿತ್ತು. ಆ ಇಳಿಜಾರು ಸಿಗಲು ನೆಲವನ್ನು ಎತ್ತರಿಸಿದರೆ ಬಾಗಿಲಲ್ಲಿ ಮೆಟ್ಟಿಲು ಹುಟ್ಟುತ್ತದೆ. ಮೊಣಕಾಲು ನೋವಿನವರಿಗಾಗಿ ಮಾಡುವ ಬಚ್ಚಲಿನಲ್ಲಿ ಮೆಟ್ಟಿಲು ಇಡುವುದು ಸರಿಯಲ್ಲ.

ಪ್ಯಾನ್ ತೆಗೆದು ಕಮೋಡು ಹಾಕುವ ಎಲ್ಲರೂ ಗಮನಿಸಬೇಕಾದ ಒಂದು ಮಾತು ಇಲ್ಲಿದೆ. ಹಳೆಯ ಪ್ಯಾನಿನ ಕೆಳಗೆ, ನೀರು ನಿಂತು ವಾಸನೆ ತಡೆಯುವ ಪ್ರತ್ಯೇಕ ಟ್ರ್ಯಾಪ್ ಇರುತ್ತದೆ. ಕಮೋಡಿನೊಳಗೆ ಅದರದೇ ಟ್ರ್ಯಾಪ್ ಇದೆ. ನೆಲದ ಕಡೆ ಬಾಯಿ ಇರುವ ಎಸ್-ಟ್ರ್ಯಾಪ್ ಕಮೋಡನ್ನು ತಂದು ಹಳೆಯ ಟ್ರ್ಯಾಪ್ ಮೇಲೆಯೇ ಕೂರಿಸಿದರೆ, ಎರಡು ನೀರಿನ ತಡೆಗಳ ನಡುವೆ ಗಾಳಿ ಸಿಕ್ಕಿಬೀಳುತ್ತದೆ. ಫ್ಲಶ್ ಮಾಡಿದಾಗ ನೀರು ತಕ್ಷಣ ಎಳೆದುಕೊಳ್ಳದೆ ಬೋಗುಣಿಯಲ್ಲಿ ಏರಿ, ಗುಳುಗುಳು ಸದ್ದು ಮಾಡಿ ನಿಧಾನವಾಗಿ ಇಳಿಯುತ್ತದೆ. ಮನೆಯವರು ಚೇಂಬರ್ ಕಟ್ಟಿದೆಯೆಂದು ಗಟಾರ ಸ್ವಚ್ಛ ಮಾಡಿಸುತ್ತಾರೆ. ಚೇಂಬರ್ ತೆರೆದರೆ ಅದು ಖಾಲಿ ಇರುತ್ತದೆ. ಹೊಸ ಕಮೋಡಿನಲ್ಲಿ ಮೊದಲ ದಿನದಿಂದಲೇ ಹೀಗಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ಜೋಡಿ ಟ್ರ್ಯಾಪನ್ನು. ಹಳೆಯದನ್ನು ಪೂರ್ತಿ ಕಿತ್ತು ತೆಗೆಯುವುದೊಂದೇ ಪರಿಹಾರ. ನಾವು ಅದನ್ನು ತೆಗೆದು, ನೆಲದಡಿಯ ಹಳೆಯ ಪೈಪಿನ ಬಾಯಿಯನ್ನು ಮುಚ್ಚಿದೆವು.

ಗೋಡೆಯಲ್ಲಿ ರಂಧ್ರವನ್ನು ಸುತ್ತಿಗೆ, ಉಳಿಯಿಂದ ಹೊಡೆಸದೆ ಕೋರ್ ಕಟಿಂಗ್ ಯಂತ್ರದಿಂದ ಹೊಡೆಸಿದೆವು. ಹೊರಗೆ ಪೈಪು ಕೆಳಗೆ ತಿರುಗುವಲ್ಲಿ ಡೋರ್ ಬೆಂಡ್ ಹಾಕಬೇಕು. ತಿರುಪು ಬಿಚ್ಚಿ ಕಡ್ಡಿ ತೂರಿಸಲು ಅದರಲ್ಲಿ ಸಣ್ಣ ಬಾಗಿಲಿರುತ್ತದೆ. ಆ ಬಾಗಿಲು ಯಾವ ಕಡೆ ಮುಖ ಮಾಡಿದೆ ಎಂದು ಮನೆಯವರೇ ಸಂದಿಗೆ ಹೋಗಿ ನೋಡಬೇಕು, ಏಕೆಂದರೆ ಅದನ್ನು ಗೋಡೆಯ ಕಡೆಗೆ ತಿರುಗಿಸಿ ಅಂಟಿಸಿಬಿಟ್ಟರೆ ಇದ್ದೂ ಇಲ್ಲದಂತೆ. ಮೂರು ಅಡಿಯ ಸಂದಿಯಲ್ಲಿ ಒಬ್ಬ ಮನುಷ್ಯ ಕುಕ್ಕರಗಾಲಿನಲ್ಲಿ ಕೂತು ಅದನ್ನು ಬಿಚ್ಚುವಂತಿರಬೇಕು. ಕಮೋಡಿನ ಬಾಯಿಯನ್ನು ಪೈಪಿಗೆ ಸೇರಿಸುವ ರಬ್ಬರ್ ಕನೆಕ್ಟರ್ ಕಿರುಗೋಡೆಯ ಮುಂದೆ, ಕಣ್ಣಿಗೆ ಕಾಣುವಂತೆ ಉಳಿದಿದೆ. ಅದರ ಸುತ್ತ ಬಿಳಿ ಸಿಮೆಂಟ್ ಮೆತ್ತಬಾರದು. ಸ್ನಾನದ ಜಾಗದ ನೆಲವನ್ನು ಐದು ಅಡಿಗೆ ಒಂದು ಇಂಚಿನಂತೆ ಜಾಲಿಯ ಕಡೆಗೆ ಇಳಿಸಿದ್ದೇವೆ. ಜಾಲಿಯನ್ನು ಟೈಲ್ಸ್‌ಗೆ ಅಂಟಿಸದೆ, ಅದರ ಕೆಳಗಿನ ಟ್ರ್ಯಾಪಿನ ಬಟ್ಟಲನ್ನು ಎತ್ತಿ ಕೂದಲು ತೆಗೆಯುವಂತೆ ಬಿಡಬೇಕು.

ಗೀಸರಿನ ಬಗ್ಗೆ ಒಂದೇ ಮಾತು. ನಿಂತ ಆಕಾರದ ಗೀಸರ್‌ನಲ್ಲಿ ಕಾಯಿಲ್ ಸಾಮಾನ್ಯವಾಗಿ ಕೆಳಗಿನಿಂದ ಬಿಚ್ಚಿಕೊಳ್ಳುತ್ತದೆ, ಮಲಗಿದ ಆಕಾರದ್ದರಲ್ಲಿ ಪಕ್ಕದಿಂದ. ಮಲಗಿದ ಗೀಸರನ್ನು ಆ ಬದಿ ಮೂಲೆಗೆ ಒತ್ತಿ ಹಾಕಿದರೆ, ಸುಣ್ಣ ಕಟ್ಟಿದ ಕಾಯಿಲ್ ಬದಲಿಸಲು ಇಡೀ ಗೀಸರನ್ನೇ ಗೋಡೆಯಿಂದ ಇಳಿಸಬೇಕಾಗುತ್ತದೆ. ನಾವು ನಿಂತ ಗೀಸರನ್ನು ಬಲಗೋಡೆಯಲ್ಲಿ, ಬೇಸಿನ್ ಮತ್ತು ಕಮೋಡಿನ ನಡುವಿನ ಜಾಗದ ಮೇಲೆ, ಆರೂವರೆ ಅಡಿ ಎತ್ತರದಲ್ಲಿ ಹಾಕಿದೆವು. ಪೈಪುಗಳು ನೇರ ಕೆಳಗೆ ಇಳಿದು ಟೊಳ್ಳಿಗೆ ಸೇರುತ್ತವೆ. ಸ್ವಿಚ್ಚು ಬಚ್ಚಲಿನ ಹೊರಗೆ.

ಟೊಳ್ಳನ್ನು ಮುಚ್ಚುವ ಮುನ್ನ, ಅಂಟು ಒಣಗಲು ಒಂದು ದಿನ ಬಿಟ್ಟು, ಕೈಪಂಪಿನಿಂದ ಸುಮಾರು 6 ಕಿಲೋ ಒತ್ತಡ ತುಂಬಿಸಿ ಎರಡು ಗಂಟೆ ಬಿಡಲಾಯಿತು. ಮುಳ್ಳು ಇಳಿಯಲಿಲ್ಲವೆಂದ ಮೇಲೆಯೇ ಟೈಲ್ಸ್ ಕೆಲಸ. ಅದೇ ದಿನ ಗೋಡೆಯ ಪಕ್ಕ ಅಳತೆ ಟೇಪು ಹಿಡಿದು, ನೆಲದಿಂದ ಎತ್ತರ ಮತ್ತು ಬಾಗಿಲ ಗೋಡೆಯಿಂದ ದೂರ ಓದಲು ಬರುವಂತೆ ಪೈಪುಗಳ ಫೋಟೋ ತೆಗೆಯಬೇಕು. ಟೇಪು ಇಲ್ಲದ ಫೋಟೋದಿಂದ, ಮುಂದೆ ಕನ್ನಡಿ ಹಾಕಲು ಎಲ್ಲಿ ಡ್ರಿಲ್ ಮಾಡಬಹುದು ಎಂಬುದು ತಿಳಿಯುವುದಿಲ್ಲ.

ಸಭೆಯಲ್ಲಿ ಎರಡು ಪ್ರಶ್ನೆಗಳು ಬಂದವು. ಮೊದಲನೆಯದು ಮಹಡಿಯ ಬಚ್ಚಲಿನ ಬಗ್ಗೆ. ಅಲ್ಲಿ ಸ್ಲ್ಯಾಬನ್ನು ತಗ್ಗಿಸಿ, ಪೈಪು ಹಾಕಿ, ಇಟ್ಟಿಗೆ ಚೂರು ತುಂಬಿ ಮುಚ್ಚುವ ಪದ್ಧತಿಯಿದೆ. ಟ್ರ್ಯಾಪಿನ ಜೋಡಣೆ ಸೋರಿದರೆ ನೀರು ಆ ಚೂರುಗಳಲ್ಲಿ ತಿಂಗಳುಗಟ್ಟಲೆ ನಿಂತು, ಕೆಳಮನೆಯ ಛಾವಣಿಯಲ್ಲಿ ಕಲೆ ಮೂಡಿದ ಮೇಲೆಯೇ ತಿಳಿಯುತ್ತದೆ. ಆದ್ದರಿಂದ ತಗ್ಗಿನ ತಳದಿಂದ ಹೊರಗೋಡೆಗೆ ಒಂದು ಸಣ್ಣ ಪೈಪು ಬಿಡಬೇಕು. ಅದರಿಂದ ನೀರು ತೊಟ್ಟಿಕ್ಕಿತೆಂದರೆ ಒಳಗೆ ಸೋರಿಕೆ ಇದೆ ಎಂದು ಅಂದೇ ಗೊತ್ತಾಗುತ್ತದೆ. ಕೆಳಗಿನ ಕೋಣೆಯೂ ನಿಮ್ಮದೇ ಆಗಿದ್ದರೆ, ಪೈಪುಗಳನ್ನು ಸ್ಲ್ಯಾಬಿನ ಕೆಳಗೆ ತೂಗಿಹಾಕಿ ಫಾಲ್ಸ್ ಸೀಲಿಂಗ್‌ನಿಂದ ಮರೆಮಾಡಿ, ಪ್ರತಿ ಟ್ರ್ಯಾಪಿನ ಕೆಳಗೆ ತೆರೆಯುವ ಸಣ್ಣ ಬಾಗಿಲು ಇಡುವುದು ಇನ್ನೂ ಒಳ್ಳೆಯದು. ಯಾವುದೇ ಆಗಲಿ, ಟೈಲ್ಸ್ ಹಾಕುವ ಮುನ್ನ ತಗ್ಗಿನಲ್ಲಿ ನೀರು ಕಟ್ಟಿ ಎರಡು ದಿನ ಬಿಟ್ಟು, ಕೆಳಗಿನ ಛಾವಣಿಯನ್ನು ಮುಟ್ಟಿ ನೋಡಬೇಕು.

ಎರಡನೆಯ ಪ್ರಶ್ನೆ ಕೇಳಿದವರ ಬಚ್ಚಲು ನಾಲ್ಕು ಅಡಿ ಅಗಲದ್ದು. ಅದರಲ್ಲಿ 8 ಇಂಚಿನ ಕಿರುಗೋಡೆ ಕಟ್ಟಿದರೆ ಉಳಿಯುವುದು 40 ಇಂಚು, ಕಮೋಡಿನ ಮುಂದೆ 13 ಇಂಚು ಮಾತ್ರ. ಅದು ಆಗುವ ಮಾತಲ್ಲ. ಅಂಥಲ್ಲಿ ಕಮೋಡನ್ನು ಗಿಡ್ಡ ಗೋಡೆಗೆ ಬೆನ್ನು ಮಾಡಿ ಕೂರಿಸಬೇಕು, ಆಗ 48 ಇಂಚಿನ ಅಗಲ ಅದರ ಎರಡೂ ಬದಿಗೆ ಸಿಗುತ್ತದೆ. ನೀರಿನ ಪೈಪುಗಳನ್ನು ಕ್ಲ್ಯಾಂಪ್ ಹಾಕಿ ಗೋಡೆಯ ಮೇಲೆಯೇ, ಸೊಂಟದ ಎತ್ತರದಲ್ಲಿ ಕಾಣುವಂತೆ ಒಯ್ಯಬೇಕು. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ ಎಂಬುದು ನಿಜ. ಆದರೆ ಅವನ್ನು ಬಿಸಿಲಿಗೆ ತೆರೆದ ಹೊರಗೋಡೆಯ ಮೇಲೆ ಒಯ್ಯುವುದಕ್ಕಿಂತ ಇದು ಮೇಲು, ಏಕೆಂದರೆ ನಮ್ಮ ಏಪ್ರಿಲ್-ಮೇ ಬಿಸಿಲು ಬಣ್ಣ ಬಳಿಯದ ಸಿಪಿವಿಸಿ ಪೈಪನ್ನು ಕ್ರಮೇಣ ಪೆಡಸು ಮಾಡುತ್ತದೆ, ಒಳಗಿನ ತಣ್ಣೀರನ್ನೂ ಮುಟ್ಟಲಾಗದಷ್ಟು ಕಾಯಿಸುತ್ತದೆ.